ಒಂದು ಕ್ರಯಪತ್ರ, ಎರಡು ದರ: ಅನಿವಾಸಿಯ ಆಸ್ತಿ ಮಾರಾಟ ಮತ್ತು ಆದಾಯ ತೆರಿಗೆಯ ನೋಟಿಸು

ಭಾರತದಲ್ಲಿ ಮನೆಯನ್ನೋ ನಿವೇಶನವನ್ನೋ ಕೊಳ್ಳುವವರು ಮಾರಾಟಗಾರರಿಗೆ ಹಣ ಕೊಡುವಾಗಲೇ ಒಂದು ಪಾಲನ್ನು ತೆರಿಗೆಯೆಂದು ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಎಷ್ಟು ಹಿಡಿಯಬೇಕು ಎಂಬುದು ಮಾರುವವರು ತೆರಿಗೆ ಕಾನೂನಿನ ಲೆಕ್ಕದಲ್ಲಿ ನಿವಾಸಿಯೋ ಅನಿವಾಸಿಯೋ ಎಂಬುದರ ಮೇಲೆ ನಿಂತಿದೆ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ನಿವಾಸಿಗೆ 194-ಐಎ ಕಲಮು, ಅನಿವಾಸಿಗೆ 195ನೇ ಕಲಮು. ಮೊದಲನೆಯದರಲ್ಲಿ ದರ ನೂರಕ್ಕೆ ಒಂದು. ಎರಡನೆಯದರಲ್ಲಿ ಅದು ಹದಿಮೂರರಿಂದ ಹದಿನೈದರ ಆಸುಪಾಸಿಗೆ ಹೋಗುತ್ತದೆ. ತಂದೆಯ ಕಾಲದ ಮನೆಯನ್ನು ಮಾರಿದ ಅನಿವಾಸಿಗಳಿಗೆ ವರ್ಷವೋ ಎರಡು ವರ್ಷವೋ ಕಳೆದ ಮೇಲೆ ಬರುವ ನೋಟಿಸುಗಳಲ್ಲಿ ಬಹಳಷ್ಟರ ಬೇರು ಇರುವುದು, ಕೊಂಡವರು ಎರಡನೆಯ ದಾರಿ ಹಿಡಿಯಬೇಕಿದ್ದ ಕಡೆ ಮೊದಲನೆಯದನ್ನು ಹಿಡಿದದ್ದರಲ್ಲಿ.

194-ಐಎ ಕಲಮು ಜಾರಿಗೆ ಬಂದದ್ದು 2013ರ ಜೂನ್ 1ರಂದು. ಐವತ್ತು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಯ, ಕೃಷಿಭೂಮಿಯಲ್ಲದ ಆಸ್ತಿಗೆ ಅದು ಅನ್ವಯಿಸುತ್ತದೆ. ಸಾಮಾನ್ಯ ಜನರಿಗೆ ಕಷ್ಟವಾಗದಂತೆ ಅದನ್ನು ರೂಪಿಸಲಾಗಿದೆ: ಕೊಳ್ಳುವವರ ಪ್ಯಾನ್ ಸಂಖ್ಯೆ ಸಾಕು, 26ಕ್ಯೂಬಿ ಎಂಬ ಒಂದೇ ನಮೂನೆಯಲ್ಲಿ ಹಣ ಕಟ್ಟುವುದೂ ವಿವರ ಸಲ್ಲಿಸುವುದೂ ಮುಗಿಯುತ್ತದೆ. ಹತ್ತು ವರ್ಷಗಳ ರೂಢಿಯಿಂದ ‘ಆಸ್ತಿ ಕೊಂಡರೆ ಒಂದು ಪರ್ಸೆಂಟ್ ಟಿಡಿಎಸ್’ ಎಂಬುದು ಪತ್ರ ಬರಹಗಾರರ, ದಲ್ಲಾಳಿಗಳ, ಬ್ಯಾಂಕಿನ ಸಾಲ ವಿಭಾಗದವರ ಬಾಯಲ್ಲಿ ನಿಯಮವಾಗಿಯೇ ನಿಂತುಬಿಟ್ಟಿದೆ. ಆ ನಿಯಮಕ್ಕೆ ‘ಮಾರುವವರು ನಿವಾಸಿಯಾಗಿದ್ದರೆ’ ಎಂಬ ಷರತ್ತು ಇರುವುದು ಮಾತ್ರ ಯಾರ ನೆನಪಿಗೂ ಬರುವುದಿಲ್ಲ.

195ನೇ ಕಲಮು ಹೀಗೆ ಸುಲಭವಾದುದಲ್ಲ. ಅದಕ್ಕೆ ಐವತ್ತು ಲಕ್ಷದ ಮಿತಿಯಿಲ್ಲ. ಹದಿನೈದು ಲಕ್ಷದ ನಿವೇಶನಕ್ಕೂ ಅದು ಅನ್ವಯ. ಕೊಳ್ಳುವವರು ಟ್ಯಾನ್ ಎಂಬ ಪ್ರತ್ಯೇಕ ಸಂಖ್ಯೆ ಪಡೆಯಬೇಕು, ಕಡಿತ ಮಾಡಿದ ಹಣವನ್ನು ಮುಂದಿನ ತಿಂಗಳ ಏಳರೊಳಗೆ ಕಟ್ಟಬೇಕು, ಆಮೇಲೆ 27ಕ್ಯೂ ಎಂಬ ತ್ರೈಮಾಸಿಕ ವಿವರಪಟ್ಟಿ ಸಲ್ಲಿಸಬೇಕು. ಬದುಕಿನಲ್ಲಿ ಒಮ್ಮೆ ಮನೆ ಕೊಳ್ಳುವ ಶಾಲಾ ಮಾಸ್ತರರಿಗೆ ಕಂಪನಿಯ ಲೆಕ್ಕಪತ್ರ ವಿಭಾಗದ ಕೆಲಸವನ್ನು ಹೊರಿಸಿದಂತೆ ಇದು. ತಪ್ಪುಗಳು ಇಷ್ಟೊಂದು ನಡೆಯುವುದಕ್ಕೆ ಕೊಳ್ಳುವವರ ಅಜಾಗರೂಕತೆಯಷ್ಟೇ ಈ ಏರ್ಪಾಡೂ ಕಾರಣ.

ಇನ್ನು ದರ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಕೈಯಲ್ಲಿದ್ದ ಸ್ಥಿರಾಸ್ತಿಯ ಮಾರಾಟದಿಂದ ಬರುವುದು ದೀರ್ಘಾವಧಿ ಬಂಡವಾಳ ಲಾಭ. ಅದರ ಮೇಲಿನ ತೆರಿಗೆ 2024ರ ಜುಲೈ 22ರವರೆಗೆ ಹಣದುಬ್ಬರದ ಹೊಂದಾಣಿಕೆಯೊಂದಿಗೆ ಶೇ. 20 ಇತ್ತು. ಜುಲೈ 23ರಿಂದ ಆ ಹೊಂದಾಣಿಕೆ ಇಲ್ಲದೆ ಶೇ. 12.5 ಆಯಿತು. ಇದರ ಮೇಲೆ ಒಟ್ಟು ಆದಾಯ ಐವತ್ತು ಲಕ್ಷ ದಾಟಿದರೆ ತೆರಿಗೆಯ ಶೇ. 10, ಒಂದು ಕೋಟಿ ದಾಟಿದರೆ ಶೇ. 15 ಸರ್ಚಾರ್ಜು, ಎಲ್ಲದರ ಮೇಲೆ ಶೇ. 4 ಸೆಸ್ಸು. ಎಲ್ಲ ಸೇರಿ ಈಗಿನ ದರ ಶೇ. 13, ಶೇ. 14.3 ಅಥವಾ ಶೇ. 14.95 ಆಗುತ್ತದೆ. ಇಲ್ಲಿ ನಿವಾಸಿ ಎಂಬುದು ಪೌರತ್ವದ ಮಾತಲ್ಲ. ಆ ಹಣಕಾಸು ವರ್ಷದಲ್ಲಿ ಮತ್ತು ಅದರ ಹಿಂದಿನ ವರ್ಷಗಳಲ್ಲಿ ಭಾರತದಲ್ಲಿ ಎಷ್ಟು ದಿನ ಇದ್ದರು ಎಂಬ ಎಣಿಕೆಯಿಂದ ಅದು ತೀರ್ಮಾನವಾಗುತ್ತದೆ. ಭಾರತದ ಪಾಸ್‌ಪೋರ್ಟ್ ಹಿಡಿದವರೂ ಅನಿವಾಸಿಯಾಗಬಹುದು.

ವಿಷಯ ಸ್ಪಷ್ಟವಾಗಲು ಒಂದು ಮಾದರಿ ಪ್ರಕರಣವನ್ನು ಕೊನೆಯವರೆಗೆ ನಡೆಸಿ ನೋಡಬಹುದು. ಮೈಸೂರಿನಲ್ಲಿ ಒಬ್ಬರು 1988ರಲ್ಲಿ ನಿವೇಶನ ಕೊಂಡು ಎರಡು ವರ್ಷದಲ್ಲಿ ಮನೆ ಕಟ್ಟಿಸಿದರು. ಹೆಂಡತಿ ಮೊದಲೇ ತೀರಿಕೊಂಡಿದ್ದರು. ಮನೆ ಕಟ್ಟಿಸಿದವರು 2016ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ಸ್ವಯಾರ್ಜಿತ ಆಸ್ತಿಯಾದ್ದರಿಂದ ಅದು ಮಗನಿಗೂ ಮಗಳಿಗೂ ಸಮಪಾಲಾಗಿ ಬಂತು. ಮಗಳು ಮೈಸೂರಿನಲ್ಲೇ ಇದ್ದಾರೆ, ಮಗ ಅಮೆರಿಕದ ನ್ಯೂಜೆರ್ಸಿಯಲ್ಲಿ ನೆಲೆಸಿದ್ದಾರೆ. 2024ರ ಸೆಪ್ಟೆಂಬರ್ 25ರಂದು ಮನೆ 1 ಕೋಟಿ 80 ಲಕ್ಷಕ್ಕೆ ಮಾರಾಟವಾಯಿತು. ಅಣ್ಣನ ಪರವಾಗಿ ತಂಗಿಯೇ ಜಿಪಿಎ ಹಿಡಿದು ಸಹಿ ಹಾಕಿದರು. ಕೊಂಡವರು ಇಬ್ಬರ ಪಾಲಿನಿಂದಲೂ ನೂರಕ್ಕೆ ಒಂದರಂತೆ ತಲಾ 90 ಸಾವಿರ ರೂಪಾಯಿ ಹಿಡಿದು, ಎರಡು 26ಕ್ಯೂಬಿ ನಮೂನೆಗಳಲ್ಲಿ ಕಟ್ಟಿದರು.

ತಂಗಿಯ ಮಟ್ಟಿಗೆ ಇದು ಸರಿ. ಅಣ್ಣನ 90 ಲಕ್ಷದ ಮೇಲೆ ಮಾತ್ರ ಶೇ. 14.3ರಂತೆ 12,87,000 ರೂಪಾಯಿ ಹಿಡಿಯಬೇಕಿತ್ತು. ಈ ಎಡವಟ್ಟನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ಅಣ್ಣನ ಪ್ಯಾನ್ ಕಾರ್ಡು ಅವರು ದೇಶ ಬಿಡುವ ಮೊದಲಿನದು. ಇಲಾಖೆಯ ಪೋರ್ಟಲಿನಲ್ಲಿ ಅವರ ಸ್ಥಿತಿ ಇನ್ನೂ ನಿವಾಸಿ ಎಂದೇ ಇತ್ತು, ವಿಳಾಸ ಮೈಸೂರಿನದೇ. ಸಾಲ ಕೊಟ್ಟ ಬ್ಯಾಂಕಿನ ವಕೀಲರು ಮೂಲಪತ್ರ, ವಂಶವೃಕ್ಷ, ಪೌತಿ ಖಾತೆ, ಋಣಭಾರ ಪತ್ರ ಎಲ್ಲವನ್ನೂ ನೋಡಿದರು. ಹಕ್ಕು ಶುದ್ಧವೇ ಎಂಬುದು ಅವರ ಪ್ರಶ್ನೆ, ತೆರಿಗೆ ಕಡಿತ ಅದರಲ್ಲಿ ಸೇರಿಲ್ಲ. ಆದರೂ ಕ್ರಯಪತ್ರದ ಮೊದಲ ಪುಟದಲ್ಲಿ ಅಣ್ಣನ ವಿಳಾಸ ನ್ಯೂಜೆರ್ಸಿ ಎಂದು ಬರೆದಿದೆ, ಜಿಪಿಎ ನ್ಯೂಯಾರ್ಕಿನ ಭಾರತೀಯ ದೂತಾವಾಸದಲ್ಲಿ ದೃಢೀಕರಣವಾದದ್ದೆಂದು ಅದೇ ಪುಟ ಹೇಳುತ್ತದೆ. ಮಾರಿದವರು ಅನಿವಾಸಿ ಎಂದು ಗೊತ್ತಿರಲಿಲ್ಲ ಎಂಬ ಮಾತನ್ನು ಕೊಂಡವರು ಮುಂದೆ ಆಡುವಂತಿಲ್ಲ. ಅವರ ಸಹಿಯೇ ಆ ಪುಟದ ಕೆಳಗಿದೆ.

ಅಣ್ಣ ರಿಟರ್ನ್ ಸಲ್ಲಿಸಲಿಲ್ಲ. ತೆರಿಗೆ ಹಿಡಿದಾಗಿದೆಯಲ್ಲ, ಇನ್ನೇನು ಎಂಬುದು ಅವರ ತಿಳಿವಳಿಕೆ. 2025ರ ನವೆಂಬರಿನಲ್ಲಿ 133(6) ಕಲಮಿನಡಿ ಮಾಹಿತಿ ಕೇಳುವ ನೋಟಿಸು ಅವರ ಇ-ಮೇಲಿಗೆ ಬಂತು. ಸ್ಥಿರಾಸ್ತಿಯನ್ನು 1,80,00,000 ರೂಪಾಯಿಗೆ ಮಾರಿರುವ ಮಾಹಿತಿ ಇದೆ. ಆ ವರ್ಷದ ರಿಟರ್ನ್ ಸಲ್ಲಿಕೆಯಾಗಿಲ್ಲ. ಕ್ರಯಪತ್ರ, ಆಸ್ತಿ ಬಂದ ಬಗೆ, ಅದರ ವೆಚ್ಚದ ದಾಖಲೆ, ಲಾಭದ ಲೆಕ್ಕ, ವಾಸಸ್ಥಿತಿಯ ಪುರಾವೆ ಕೊಡಿ ಎಂಬುದು ಅದರ ಸಾರ.

ಇಂಥ ಮಾಹಿತಿ ಇಲಾಖೆಗೆ ಎರಡು ಕಡೆಯಿಂದ ಹೋಗುತ್ತದೆ. ಮೂವತ್ತು ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಪ್ರತಿಯೊಂದು ಆಸ್ತಿ ವ್ಯವಹಾರವನ್ನೂ ಉಪನೋಂದಣಾಧಿಕಾರಿಗಳ ಕಚೇರಿ ವರ್ಷಕ್ಕೊಮ್ಮೆ ವರದಿ ಮಾಡುತ್ತದೆ. 26ಕ್ಯೂಬಿಯ ವಿವರ ಅದರ ಪಕ್ಕದಲ್ಲೇ ಕೂರುತ್ತದೆ. ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್ ತೆರೆದರೆ ಇವೆರಡೂ ಕಾಣುತ್ತವೆ. ಜಂಟಿ ಮಾರಾಟಗಳಲ್ಲಿ ಪೂರ್ತಿ ಬೆಲೆಯೇ ಪ್ರತಿಯೊಬ್ಬರ ಹೆಸರಿನಲ್ಲೂ ದಾಖಲಾಗಿರುವುದು ಅಲ್ಲಿ ಆಗಾಗ ಕಾಣುವ ದೋಷ. ನೋಟಿಸಿನಲ್ಲಿ 90 ಲಕ್ಷದ ಬದಲು 1 ಕೋಟಿ 80 ಲಕ್ಷ ಬಂದದ್ದು ಹಾಗೆಯೇ. ಅದನ್ನು ಕಂಡು ಗಾಬರಿಯಾಗಬೇಕಿಲ್ಲ, ಆದರೆ ಉತ್ತರದಲ್ಲಿ ಅರ್ಧ ಪಾಲು ಮಾತ್ರ ತನ್ನದೆಂದು ಬಿಡಿಸಿ ಹೇಳಿ, ಎಐಎಸ್‌ನಲ್ಲಿಯೂ ಆಕ್ಷೇಪ ದಾಖಲಿಸಬೇಕು.

ನೋಟಿಸು ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಅದರ ಡಿನ್ ಸಂಖ್ಯೆ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪ್ರತಿ ಪತ್ರಕ್ಕೂ ಈ ಸಂಖ್ಯೆ ಇರಬೇಕು, ಪೋರ್ಟಲಿನಲ್ಲಿ ಅದನ್ನು ಹಾಕಿ ಪತ್ರ ಅಸಲಿಯೇ ಎಂದು ಯಾರು ಬೇಕಾದರೂ ಪರೀಕ್ಷಿಸಬಹುದು. ಅನಿವಾಸಿಗಳನ್ನು ಗುರಿಮಾಡಿದ ನಕಲಿ ನೋಟಿಸುಗಳ ಹಾವಳಿಯಲ್ಲಿ ಈ ಕೆಲಸವನ್ನು ಬಿಡಬಾರದು. ಆಮೇಲೆ ನೋಡಬೇಕಾದದ್ದು ಕಲಮಿನ ಸಂಖ್ಯೆ. 133(6) ಬರೀ ಮಾಹಿತಿಯ ಕೇಳಿಕೆ. 148ಎ ಆದರೆ ತೆರಿಗೆಗೆ ಸಿಗದೆ ಉಳಿದ ಆದಾಯವಿದೆ, ಪ್ರಕರಣವನ್ನು ಯಾಕೆ ಮತ್ತೆ ತೆರೆಯಬಾರದು ಎಂದು ಕಾರಣ ಕೇಳುವ ನೋಟಿಸು. 201ನೇ ಕಲಮಿನದು ಕೊಂಡವರಿಗೆ ಬರುವಂಥದು; ಅದು ಮಾರಿದವರ ಕೈಗೆ ಬಂದಿದ್ದರೆ ಎಲ್ಲೋ ವಿಳಾಸ ತಪ್ಪಿದೆ ಎಂದೇ ಅರ್ಥ.

ಈ ಕೊನೆಯ ಮಾತಿನಲ್ಲಿ ಇಡೀ ವಿಷಯದ ತಿರುಳಿದೆ. ತಪ್ಪು ದರದಲ್ಲಿ ತೆರಿಗೆ ಹಿಡಿದಲ್ಲಿ ಇರುವುದು ಒಂದು ಪ್ರಶ್ನೆಯಲ್ಲ, ಎರಡು. ಮಾರಿದವರ ಲಾಭದ ಮೇಲೆ ಎಷ್ಟು ತೆರಿಗೆ ಎಂಬುದು ಒಂದು. ಕೊಂಡವರು ಹಿಡಿಯಬೇಕಾದಷ್ಟು ಹಿಡಿದರೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಮಾರಿದವರು ಉತ್ತರ ಹೇಳಬೇಕು, ಎರಡನೆಯದಕ್ಕೆ ಕೊಂಡವರು. ನೋಟಿಸಿಗೆ ಬರೆಯುವ ಅವಸರದ ಉತ್ತರಗಳು ಇವೆರಡನ್ನೂ ಕಲಸಿಬಿಡುತ್ತವೆ.

ಅಂಥ ಉತ್ತರಗಳಲ್ಲಿ ಮೂರು ಮತ್ತೆ ಮತ್ತೆ ಬರುತ್ತವೆ. ‘ತಂದೆಯಿಂದ ಬಂದ ಆಸ್ತಿ, ಇದಕ್ಕೆ ತೆರಿಗೆಯಿಲ್ಲ’ ಎಂಬುದು ಮೊದಲನೆಯದು. ಮರಣಾನಂತರ ಬರುವ ಆಸ್ತಿಯ ಮೇಲಿನ ಎಸ್ಟೇಟ್ ಸುಂಕ 1985ರಲ್ಲೇ ರದ್ದಾಗಿದೆ, ಆದ್ದರಿಂದ 2016ರಲ್ಲಿ ಮನೆ ಮಕ್ಕಳಿಗೆ ಬಂದಾಗ ತೆರಿಗೆ ಇರಲಿಲ್ಲ ಎಂಬುದು ನಿಜ. 2024ರಲ್ಲಿ ಅವರು ಮಾರಿದ್ದು ಬೇರೆಯೇ ಘಟನೆ, ಅದರ ಲಾಭಕ್ಕೆ ತೆರಿಗೆಯುಂಟು. ‘ತೆರಿಗೆ ಆಗಲೇ ಕಡಿತವಾಗಿದೆ’ ಎಂಬುದು ಎರಡನೆಯದು. ಕಡಿತವಾದ 90 ಸಾವಿರವನ್ನು ಇಲಾಖೆ ಮತ್ತೆ ಕೇಳುವಂತಿಲ್ಲ, 205ನೇ ಕಲಮು ಅದನ್ನು ತಡೆಯುತ್ತದೆ. ಆ ರಕ್ಷಣೆ 90 ಸಾವಿರಕ್ಕೆ ಮಾತ್ರ. ‘ಕೊಂಡವರು ಕಡಿಮೆ ಹಿಡಿದರು, ಅವರನ್ನೇ ಕೇಳಿ’ ಎಂಬುದು ಮೂರನೆಯದು. ಕೇಳಲು ಬಲವಾಗಿರುವಷ್ಟೇ ಕಾನೂನಿನಲ್ಲಿ ದುರ್ಬಲ. ಮೂಲದಲ್ಲಿ ಕಡಿತವಾಗದ ತೆರಿಗೆಯನ್ನು ಆದಾಯ ಪಡೆದವರೇ ನೇರವಾಗಿ ಕಟ್ಟಬೇಕೆಂದು 191ನೇ ಕಲಮು ಹೇಳುತ್ತದೆ. ಹಿಡಿಯದೆ ಉಳಿದ ಹಣ ಹೇಗೂ ಮಾರಿದವರ ಖಾತೆಯಲ್ಲೇ ಕೂತಿದೆ.

ಹಾಗಾದರೆ ಅಣ್ಣನ ತೆರಿಗೆ ಎಷ್ಟು? ಉತ್ತರಾಧಿಕಾರದಿಂದ ಬಂದ ಆಸ್ತಿಗೆ ಹಿಂದಿನ ಒಡೆಯರ ವೆಚ್ಚವೇ ವೆಚ್ಚ, ಅವರ ಕೈಯಲ್ಲಿದ್ದ ಕಾಲವೂ ಲೆಕ್ಕಕ್ಕೆ ಸೇರುತ್ತದೆ. 2001ರ ಏಪ್ರಿಲ್ 1ಕ್ಕಿಂತ ಮೊದಲು ಕೊಂಡ ಆಸ್ತಿಯಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನು ವೆಚ್ಚವೆಂದು ಹಿಡಿಯಬಹುದು. 1988ರ ನಿವೇಶನದ ಬೆಲೆ ಮತ್ತು ಕಟ್ಟಡದ ಖರ್ಚಿನ ಚೀಟಿಗಳನ್ನು ಈಗ ಹುಡುಕುವ ಕಷ್ಟ ಇದರಿಂದ ತಪ್ಪುತ್ತದೆ. ಆದರೆ 2020ರ ಹಣಕಾಸು ಕಾಯ್ದೆ ಇದಕ್ಕೊಂದು ಬೇಲಿ ಹಾಕಿತು: ಜಮೀನು ಮತ್ತು ಕಟ್ಟಡದ ಮಟ್ಟಿಗೆ ಆ ಬೆಲೆ, ಅದೇ ದಿನದ ಮುದ್ರಾಂಕ ಮೌಲ್ಯ ಲಭ್ಯವಿದ್ದರೆ ಅದನ್ನು ಮೀರುವಂತಿಲ್ಲ. ಮೈಸೂರಿನ ಮನೆಗೆ ನೋಂದಾಯಿತ ಮೌಲ್ಯಮಾಪಕರು 2001ಕ್ಕೆ 16 ಲಕ್ಷ ಎಂದು ವರದಿ ಕೊಟ್ಟರು ಎಂದುಕೊಳ್ಳೋಣ. ಉಪನೋಂದಣಿ ಕಚೇರಿಯ ಅಂದಿನ ಮಾರ್ಗಸೂಚಿ ದರದಲ್ಲಿ ಲೆಕ್ಕ ಹಾಕಿದರೆ 12 ಲಕ್ಷ ಬರುತ್ತದೆ. ಆಗ ಹಿಡಿಯಬೇಕಾದದ್ದು 12 ಲಕ್ಷ, ಅಣ್ಣನ ಪಾಲಿಗೆ 6 ಲಕ್ಷ. ಮೌಲ್ಯಮಾಪಕರ ವರದಿಯೊಂದನ್ನೇ ನಂಬಿ ಮಾರ್ಗಸೂಚಿ ದರ ನೋಡದೆ ಸಲ್ಲಿಸಿದ ಲೆಕ್ಕಗಳು ಅಧಿಕಾರಿಯ ಮುಂದೆ ಬೀಳುವುದು ಇಲ್ಲಿಯೇ.

90 ಲಕ್ಷದಲ್ಲಿ 6 ಲಕ್ಷ ಕಳೆದರೆ ಲಾಭ 84 ಲಕ್ಷ. ಶೇ. 12.5ರಂತೆ ತೆರಿಗೆ 10,50,000 ರೂಪಾಯಿ. ಆದಾಯ ಐವತ್ತು ಲಕ್ಷ ದಾಟಿರುವುದರಿಂದ ಸರ್ಚಾರ್ಜು 1,05,000. ಸೆಸ್ಸು 46,200. ಒಟ್ಟು 12,01,200 ರೂಪಾಯಿ. ನಿವಾಸಿಗಳಿಗೆ ಬೇರೆ ಆದಾಯವಿಲ್ಲದಿದ್ದರೆ ಮೂಲ ವಿನಾಯಿತಿ ಮಿತಿಯನ್ನು ಈ ಲಾಭದಲ್ಲಿ ಕಳೆಯಲು ಅವಕಾಶವಿದೆ, ಅನಿವಾಸಿಗೆ ಅದಿಲ್ಲ. ಕಡಿತವಾದ 90 ಸಾವಿರ ತೆಗೆದರೆ ಕಟ್ಟಬೇಕಾದ ಬಾಕಿ 11,11,200.

ತಂಗಿಗೆ ಇನ್ನೂ ಒಂದು ಆಯ್ಕೆಯಿದೆ. 2024ರ ಜುಲೈ 23ಕ್ಕೆ ಮೊದಲು ಬಂದ ಜಮೀನು, ಕಟ್ಟಡಗಳಿಗೆ ನಿವಾಸಿಗಳು ಹಳೆಯ ರೀತಿಯಲ್ಲೂ ಲೆಕ್ಕ ಹಾಕಿ ಕಡಿಮೆಯಾದ ತೆರಿಗೆಯನ್ನೇ ಕಟ್ಟಬಹುದು. ಅನಿವಾಸಿಗಳನ್ನು ಈ ಸವಲತ್ತಿನಿಂದ ಹೊರಗಿಟ್ಟಿದ್ದಾರೆ. ಒಂದೇ ತಂದೆಯ ಮಕ್ಕಳಿಗೆ ಒಂದೇ ಮನೆಯ ಮೇಲೆ ಎರಡು ಲೆಕ್ಕ ಏಕೆಂದು ಕೇಳಿದರೆ ಸಮಾಧಾನವಾಗುವಂಥ ಉತ್ತರವಿಲ್ಲ. ಈ ಪ್ರಕರಣದಲ್ಲಿ ಮಾತ್ರ ಅದರಿಂದ ಅಣ್ಣನಿಗೆ ನಷ್ಟವಾಗಿಲ್ಲ. 2001ರ ಸೂಚ್ಯಂಕ 100, 2024-25ರದು 363. ಸರ್ಚಾರ್ಜನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, ಮಾರಿದ ಬೆಲೆ 2001ರ ವೆಚ್ಚದ ಸುಮಾರು ಎಂಟು ಪಟ್ಟಿಗಿಂತ ಕಡಿಮೆಯಿದ್ದಾಗ ಹಳೆಯ ರೀತಿ ಲಾಭಕರ, ಹೆಚ್ಚಿದ್ದಾಗ ಹೊಸದು. ಮೈಸೂರಿನ ಮನೆಯ ಬೆಲೆ ಹದಿನೈದು ಪಟ್ಟಾಗಿದೆ. ಬೆಲೆ ಅಷ್ಟಾಗಿ ಏರದ ಸಣ್ಣ ಊರಿನ ಮನೆಗಳನ್ನು ಮಾರುವ ಅನಿವಾಸಿಗಳಿಗೆ ಈ ಭೇದ ನಿಜವಾಗಿ ತಟ್ಟುತ್ತದೆ.

ಬಾಕಿಯ ಮೇಲೆ ಬಡ್ಡಿಯೂ ಇದೆ. ಮುಂಗಡ ತೆರಿಗೆ ಕಟ್ಟದ್ದಕ್ಕೆ 234ಬಿ ಕಲಮಿನಡಿ 2025ರ ಏಪ್ರಿಲಿನಿಂದ ಕಟ್ಟುವ ತಿಂಗಳವರೆಗೆ ತಿಂಗಳಿಗೆ ಶೇ. 1. ಡಿಸೆಂಬರಿನಲ್ಲಿ ಕಟ್ಟಿದರೆ ಒಂಬತ್ತು ತಿಂಗಳಿಗೆ ಒಂದು ಲಕ್ಷ ರೂಪಾಯಿ. ಕಂತು ತಪ್ಪಿದ್ದಕ್ಕೆ 234ಸಿ, ರಿಟರ್ನ್ ತಡವಾದದ್ದಕ್ಕೆ 234ಎ ಬಡ್ಡಿ, ಐದು ಸಾವಿರ ರೂಪಾಯಿ ತಡ ಶುಲ್ಕ ಇವೆಲ್ಲ ಅದರ ಮೇಲೆ. ತೆರಿಗೆ ಹಿಡಿಯಬೇಕಾದವರು ಕೊಂಡವರು, ತನಗೇಕೆ ಮುಂಗಡ ತೆರಿಗೆಯ ಹೊಣೆ ಎಂಬ ವಾದ ಒಂದು ಕಾಲಕ್ಕೆ ಗೆದ್ದಿತ್ತು. ಮಿತ್ಸುಬಿಷಿ ಕಾರ್ಪೊರೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರಲ್ಲಿ ಅನಿವಾಸಿಯ ಪರವಾಗಿಯೇ ತೀರ್ಪು ಕೊಟ್ಟಿತು. ಆ ತೀರ್ಪು ಹಳೆಯ ವರ್ಷಗಳಿಗೆ ಸಂಬಂಧಿಸಿದ್ದು. ಕಡಿತವಿಲ್ಲದೆ ಹಣ ಪಡೆದವರು ಮುಂಗಡ ತೆರಿಗೆಯನ್ನು ತಾವೇ ಕಟ್ಟಬೇಕೆಂದು 2012ರ ಹಣಕಾಸು ಕಾಯ್ದೆ 209ನೇ ಕಲಮಿಗೆ ಸೇರಿಸಿದ ಮಾತಿನಿಂದ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ.

ನೋಟಿಸು ನವೆಂಬರಿನಲ್ಲೇ ಬಂದದ್ದು ಅಣ್ಣನ ಅದೃಷ್ಟ. 2024-25ನೇ ಸಾಲಿನ ರಿಟರ್ನಿಗೆ ವಾಯಿದೆ 2025ರ ಸೆಪ್ಟೆಂಬರ್ 16ಕ್ಕೆ ಮುಗಿದಿದ್ದರೂ, ತಡವಾದ ರಿಟರ್ನನ್ನು ಡಿಸೆಂಬರ್ 31ರವರೆಗೆ ಸಲ್ಲಿಸಬಹುದಿತ್ತು. ಮಾಡಬೇಕಾದ ಕ್ರಮ ಹೀಗಿದೆ. ಮೊದಲು ಪೋರ್ಟಲಿನಲ್ಲಿ ಸ್ಥಿತಿಯನ್ನು ಅನಿವಾಸಿ ಎಂದು ತಿದ್ದಿಸಬೇಕು. ಕಡತ ಅಂತರರಾಷ್ಟ್ರೀಯ ತೆರಿಗೆ ನೋಡುವ ಅಧಿಕಾರಿಗೆ ವರ್ಗವಾಗಬೇಕಾದ್ದು ಅದರಿಂದಲೇ. ಬಾಕಿ ತೆರಿಗೆಯನ್ನೂ ಬಡ್ಡಿಯನ್ನೂ ಸ್ವಯಂ ನಿರ್ಧರಣ ತೆರಿಗೆಯಾಗಿ ಕಟ್ಟಿ, ಐಟಿಆರ್-2ರಲ್ಲಿ ಲಾಭವನ್ನು ತೋರಿಸಬೇಕು. 194-ಐಎ ಅಡಿ ಕಡಿತವಾದ 90 ಸಾವಿರವನ್ನೂ ಅದರಲ್ಲೇ ಕೇಳಿಕೊಳ್ಳಬೇಕು. ಕಲಮು ತಪ್ಪಾದರೂ ಹಣ ಸರ್ಕಾರಕ್ಕೆ ತಲುಪಿದೆ ಮತ್ತು 26ಎಎಸ್‌ನಲ್ಲಿ ಅವರ ಪ್ಯಾನಿನ ಎದುರು ಕಾಣುತ್ತಿದೆ, ಅಷ್ಟು ಸಾಕು. ಕೊಂಡವರು ಪೂರ್ತಿ ಮೊತ್ತಕ್ಕೆ ತಂಗಿಯ ಪ್ಯಾನ್ ಒಂದನ್ನೇ ಹಾಕಿದ್ದರೆ ಅಣ್ಣನಿಗೆ ಈ ಜಮೆ ಸಿಗುತ್ತಿರಲಿಲ್ಲ, 26ಕ್ಯೂಬಿ ತಿದ್ದಿಸಲು ಕೊಂಡವರ ಬೆನ್ನು ಹತ್ತಬೇಕಾಗುತ್ತಿತ್ತು.

ರಿಟರ್ನನ್ನು ದೃಢೀಕರಿಸುವುದು ಕೊನೆಯ ಹೆಜ್ಜೆ. ಆಧಾರ್ ಒಟಿಪಿ ಬರುವ ಭಾರತದ ಮೊಬೈಲು ಹಲವು ಅನಿವಾಸಿಗಳ ಬಳಿ ಇರುವುದಿಲ್ಲ. ನೆಟ್ ಬ್ಯಾಂಕಿಂಗ್ ಮೂಲಕವೋ, ಸಹಿ ಮಾಡಿದ ಐಟಿಆರ್-ವಿ ಹಾಳೆಯನ್ನು ಮೂವತ್ತು ದಿನದೊಳಗೆ ಬೆಂಗಳೂರಿನ ಸಿಪಿಸಿಗೆ ಅಂಚೆಯಲ್ಲಿ ಕಳಿಸಿಯೋ ಇದನ್ನು ಮುಗಿಸಬೇಕು. ದೃಢೀಕರಣವಾಗದ ರಿಟರ್ನ್ ಸಲ್ಲಿಸದ ರಿಟರ್ನೇ. ಇಷ್ಟಾದ ಮೇಲೆ ಪೋರ್ಟಲಿನ ಇ-ಪ್ರೊಸೀಡಿಂಗ್ಸ್ ವಿಭಾಗದಲ್ಲಿ ನೋಟಿಸಿಗೆ ಉತ್ತರ ಕೊಡಬೇಕು: ಕ್ರಯಪತ್ರ, ತಂದೆಯ ಮೂಲಪತ್ರ, ಮರಣ ಪತ್ರ, ವಂಶವೃಕ್ಷ, 2001ರ ಮೌಲ್ಯದ ವರದಿ ಮತ್ತು ಮಾರ್ಗಸೂಚಿ ದರದ ದಾಖಲೆ, ದೇಶಕ್ಕೆ ಬಂದುಹೋದ ದಿನಗಳನ್ನು ತೋರಿಸುವ ಪಾಸ್‌ಪೋರ್ಟ್ ಪುಟಗಳು, ತೆರಿಗೆ ಕಟ್ಟಿದ ಚಲನ್. ಕೊಂಡವರು ದರದಲ್ಲಿ ತಪ್ಪಿದರು ಎಂಬುದನ್ನು ಮುಚ್ಚಿಡಬೇಕಿಲ್ಲ, ಅದರ ಮೇಲೆ ವಾದ ಕಟ್ಟಬೇಕಾಗಿಯೂ ಇಲ್ಲ.

ನೋಟಿಸಿಗೆ ಉತ್ತರಿಸದೆ ಬಿಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು. ಮುಂದಿನದು 148ಎ, ಅದರ ಬೆನ್ನಿಗೆ 148. ಅದಕ್ಕೂ ಮೌನವಾದರೆ ಅಧಿಕಾರಿ ತಮ್ಮ ತಿಳಿವಿಗೆ ತೋರಿದಂತೆ ಆದಾಯ ನಿರ್ಧರಿಸುತ್ತಾರೆ. ಆಗ ವೆಚ್ಚದ ದಾಖಲೆ ಯಾರೂ ಕೊಟ್ಟಿಲ್ಲವೆಂದು ಪೂರ್ತಿ ಮಾರಾಟದ ಬೆಲೆಯನ್ನೇ ಲಾಭವೆನ್ನುವ ಆದೇಶಗಳು ಹೊರಬರುತ್ತವೆ. ಆದಾಯ ಕಡಿಮೆ ತೋರಿಸಿದ್ದಕ್ಕೆ ತೆರಿಗೆಯ ಅರ್ಧದಷ್ಟು ದಂಡವೂ ಸೇರಬಹುದು. ಡಿಸೆಂಬರ್ ಕಳೆದು, ಆದರೆ ಮರು ನಿರ್ಧರಣೆ ಶುರುವಾಗುವ ಮೊದಲು ಎಚ್ಚೆತ್ತವರಿಗೆ ‘ಅಪ್‌ಡೇಟೆಡ್ ರಿಟರ್ನ್’ ಒಂದು ದಾರಿ. 2025ರ ಹಣಕಾಸು ಕಾಯ್ದೆ ಅದರ ಅವಧಿಯನ್ನು ನಾಲ್ಕು ವರ್ಷಕ್ಕೆ ಹಿಗ್ಗಿಸಿದೆ. ಅದರ ಬೆಲೆ ತೆರಿಗೆ ಮತ್ತು ಬಡ್ಡಿಯ ಮೇಲೆ ಮೊದಲ ವರ್ಷ ಶೇ. 25 ಹೆಚ್ಚುವರಿ, ಎರಡನೆಯ ವರ್ಷ ಶೇ. 50, ಆಮೇಲೆ ಶೇ. 60 ಮತ್ತು 70.

ಇನ್ನು ಕೊಂಡವರ ಪಾಡು. 201ನೇ ಕಲಮಿನ ಪ್ರಕಾರ ಅವರು ಹಿಡಿಯಬೇಕಾದ ತೆರಿಗೆಯನ್ನು ಹಿಡಿಯದ ಸುಸ್ತಿದಾರರು. ಹಿಡಿಯದೆ ಬಿಟ್ಟ 11,97,000 ರೂಪಾಯಿಯನ್ನು ಅವರ ಕೈಯಿಂದಲೇ ವಸೂಲಿ ಮಾಡಬಹುದು. ಆದರೆ ಒಂದೇ ತೆರಿಗೆಯನ್ನು ಎರಡು ಕಡೆಯಿಂದ ವಸೂಲಿ ಮಾಡುವಂತಿಲ್ಲ ಎಂದು ಹಿಂದೂಸ್ತಾನ್ ಕೋಕಾ ಕೋಲಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2007ರಲ್ಲಿ ಹೇಳಿತು. ಆ ತತ್ವ ಆಮೇಲೆ ಕಾಯ್ದೆಯಲ್ಲೇ ಸೇರಿತು. ಹಣ ಪಡೆದವರು 139ನೇ ಕಲಮಿನಡಿ ರಿಟರ್ನ್ ಸಲ್ಲಿಸಿ, ಆ ಮೊತ್ತವನ್ನು ಅದರಲ್ಲಿ ತೋರಿಸಿ, ತೆರಿಗೆ ಕಟ್ಟಿದ್ದರೆ, ಮತ್ತು ಇದಕ್ಕೆ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರು 26ಎ ನಮೂನೆಯಲ್ಲಿ ಪ್ರಮಾಣಪತ್ರ ಕೊಟ್ಟರೆ ಕೊಂಡವರು ಸುಸ್ತಿದಾರರಲ್ಲ. ಮೊದಲು ನಿವಾಸಿಗಳಿಗೆ ಮಾಡಿದ ಪಾವತಿಗೆ ಮಾತ್ರ ಇದ್ದ ಈ ಬಿಡುಗಡೆ 2019ರ ಸೆಪ್ಟೆಂಬರ್ 1ರಿಂದ ಅನಿವಾಸಿಗಳಿಗೆ ಮಾಡಿದ ಪಾವತಿಗೂ ಸಿಗುತ್ತದೆ.

ಕಾಯ್ದೆ ಹೇಳುವುದು 139ರ ರಿಟರ್ನ್ ಎಂಬುದನ್ನು ಗಮನಿಸಬೇಕು. ಅಣ್ಣ ಡಿಸೆಂಬರಿನೊಳಗೆ ಸಲ್ಲಿಸಿದ ತಡವಾದ ರಿಟರ್ನ್ ಅದರಲ್ಲಿ ಸೇರುತ್ತದೆ. 148ರ ನೋಟಿಸಿಗೆ ಉತ್ತರವಾಗಿ ಕೊಟ್ಟ ರಿಟರ್ನಿನ ಬಗ್ಗೆ ಕೊಂಡವರು ತಕರಾರು ಎದುರಿಸಬೇಕಾದೀತು. ಮಾರಿದವರು ಬೇಗ ರಿಟರ್ನ್ ಸಲ್ಲಿಸಿದಷ್ಟೂ ಕೊಂಡವರಿಗೆ ಅನುಕೂಲ ಎಂಬುದಕ್ಕೆ ಬಡ್ಡಿಯ ಲೆಕ್ಕವೂ ಕಾರಣ. ಸುಸ್ತಿಯ ಹಣೆಪಟ್ಟಿ ಹೋದರೂ ಹಿಡಿಯಬೇಕಿದ್ದ ದಿನದಿಂದ ಮಾರಿದವರು ರಿಟರ್ನ್ ಸಲ್ಲಿಸಿದ ದಿನದವರೆಗೆ ತಿಂಗಳಿಗೆ ಶೇ. 1 ಬಡ್ಡಿ ಉಳಿಯುತ್ತದೆ. ಹದಿನೈದು ತಿಂಗಳಿಗೆ ಅದು ಸುಮಾರು 1 ಲಕ್ಷ 80 ಸಾವಿರ. ಹಿಡಿಯಬೇಕಿದ್ದದ್ದು ಪೂರ್ತಿ ಬೆಲೆಯ ಮೇಲಲ್ಲ, ತೆರಿಗೆಗೆ ಒಳಪಡುವ ಪಾಲಿನ ಮೇಲೆ ಮಾತ್ರ ಎಂದು 2010ರ ಜಿಇ ಇಂಡಿಯಾ ತೀರ್ಪನ್ನು ಮುಂದಿಟ್ಟು ಇದನ್ನು ಸ್ವಲ್ಪ ಇಳಿಸಿಕೊಳ್ಳಲು ವಾದಿಸಬಹುದು. 271ಸಿ ಕಲಮಿನ ದಂಡದಿಂದ ಪಾರಾಗಲು ತಕ್ಕ ಕಾರಣ ತೋರಿಸಬೇಕಾಗುತ್ತದೆ.

ಆದ್ದರಿಂದ ನೋಟಿಸು ಬಂದ ಮೇಲೆ ಮಾರಿದವರೂ ಕೊಂಡವರೂ ಬೇರೆ ಬೇರೆ ಆಡಿಟರುಗಳನ್ನು ಹಿಡಿದು ಪರಸ್ಪರ ದೂರುವುದು ಇಬ್ಬರಿಗೂ ದುಬಾರಿ. ಕೊಂಡವರು ಹೆದರಿ ಟ್ಯಾನ್ ಪಡೆದು ಕೊರತೆಯ ಹನ್ನೆರಡು ಲಕ್ಷವನ್ನು ಕಟ್ಟಿ, ಅದೇ ವಾರ ಮಾರಿದವರೂ ಕಟ್ಟಿದರೆ ಒಂದು ಪಾಲು ಮರುಪಾವತಿಗೆ ಕಾಯುತ್ತದೆ, ಮತ್ತು ಆ ಮರುಪಾವತಿ ಬರುವುದು ಮಾರಿದವರ ಖಾತೆಗೆ. ಕೊಂಡವರು ಅದನ್ನು ಅಲ್ಲಿಂದ ಬಿಡಿಸಿಕೊಳ್ಳಬೇಕು. ಮಾರಿದವರು ಕಟ್ಟಿ ರಿಟರ್ನ್ ಸಲ್ಲಿಸಿ, ಅದರ ಪ್ರತಿಯನ್ನು ಕೊಂಡವರಿಗೆ ಕೊಟ್ಟು, ಕೊಂಡವರು 26ಎ ಪಡೆದು ಬಡ್ಡಿ ಮಾತ್ರ ಕಟ್ಟುವುದು ನೇರವಾದ ದಾರಿ. ಆ ಬಡ್ಡಿಯನ್ನು ಹೊರುವವರು ಯಾರು ಎಂಬುದು ಅವರವರ ನಡುವಿನ ಮಾತು. ಕೆಲವು ಕ್ರಯಪತ್ರಗಳಲ್ಲಿ ತೆರಿಗೆಯ ನಷ್ಟವನ್ನು ಮಾರುವವರು ತುಂಬಿಕೊಡಬೇಕೆಂಬ ಸಾಲು ಇರುತ್ತದೆ, ಅದನ್ನು ಓದಿ ನೋಡಬೇಕು.

ಮಾರಾಟಕ್ಕೆ ಮೊದಲೇ ಇದನ್ನು ಸರಿಪಡಿಸುವ ಉಪಾಯ 197ನೇ ಕಲಮಿನ ಪ್ರಮಾಣಪತ್ರ. ಮಾರುವ ಅನಿವಾಸಿ ನಮೂನೆ 13ರಲ್ಲಿ ತನ್ನ ಲಾಭದ ಲೆಕ್ಕ ಕೊಟ್ಟು ಅರ್ಜಿ ಹಾಕಿದರೆ, ಅಧಿಕಾರಿ ಅದನ್ನು ನೋಡಿ ಇಷ್ಟೇ ಹಿಡಿಯಬೇಕೆಂದು ಕೊಂಡವರ ಟ್ಯಾನ್ ಸಂಖ್ಯೆ ನಮೂದಿಸಿ ಪತ್ರ ಕೊಡುತ್ತಾರೆ. ಮೈಸೂರಿನ ಪ್ರಕರಣದಲ್ಲಿ ಉಳಿತಾಯ ಎಂಬತ್ತೈದು ಸಾವಿರ ಚಿಲ್ಲರೆ ಮಾತ್ರ, ಏಕೆಂದರೆ ಲಾಭ ಬೆಲೆಯ ಹತ್ತಿರಹತ್ತಿರವೇ ಇದೆ. 2015ರಲ್ಲಿ ಕೊಂಡ ಫ್ಲ್ಯಾಟಿನಂತೆ ವೆಚ್ಚ ಹೆಚ್ಚಿದ್ದು ಲಾಭ ತೆಳ್ಳಗಿರುವಲ್ಲಿ ಈ ಪತ್ರವಿಲ್ಲದೆ ಮಾರುವುದು ದೊಡ್ಡ ಮೊತ್ತವನ್ನು ಮರುಪಾವತಿಗೆ ಕಾಯಿಸಿದಂತೆ. ಪತ್ರಕ್ಕೆ ವಾರಗಳೇ ಹಿಡಿಯುವುದರಿಂದ ಕ್ರಯಕರಾರು ಆದ ಕೂಡಲೇ ಅರ್ಜಿ ಹಾಕಬೇಕು.

ಅಮೆರಿಕದಲ್ಲಿ ಅಣ್ಣ ಇದೇ ಮಾರಾಟವನ್ನು ಮತ್ತೆ ತೋರಿಸಬೇಕು. ಅಲ್ಲಿ ಉತ್ತರಾಧಿಕಾರದ ಆಸ್ತಿಗೆ ವೆಚ್ಚವೆಂದರೆ ತಂದೆ ತೀರಿಕೊಂಡ ದಿನದ ಮಾರುಕಟ್ಟೆ ಬೆಲೆ, ಅಂದರೆ 2016ರದು. ಭಾರತದ 84 ಲಕ್ಷದ ಲಾಭ ಅಲ್ಲಿ ಬಹಳ ಚಿಕ್ಕದಾಗುತ್ತದೆ, ಆದ್ದರಿಂದ ಭಾರತದಲ್ಲಿ ಕಟ್ಟಿದ ಹನ್ನೆರಡು ಲಕ್ಷವೂ ಅಲ್ಲಿ ಪೂರ್ತಿ ಜಮೆಯಾಗಿ ಸಿಗದೆ ಹೋಗಬಹುದು. ಮಾರಾಟದ ಹಣವನ್ನು ಎನ್‌ಆರ್‌ಒ ಖಾತೆಯಿಂದ ಹೊರಗೆ ಕಳಿಸಲು ಬ್ಯಾಂಕು 15ಸಿಎ, 15ಸಿಬಿ ನಮೂನೆಗಳನ್ನು ಕೇಳುತ್ತದೆ. ಅನೇಕರಿಗೆ ನೂರಕ್ಕೆ ಒಂದರ ತಪ್ಪು ಮೊದಲು ತಿಳಿಯುವುದು ನೋಟಿಸಿನಿಂದಲ್ಲ, 15ಸಿಬಿಗೆ ಸಹಿ ಹಾಕಲು ಕೂತ ಆಡಿಟರ್ 26ಎಎಸ್ ತೆರೆದಾಗ.

2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ, 2025 ಜಾರಿಗೆ ಬಂದಿದೆ. ಇಂಥ ಪಾವತಿಗಳ ಮೂಲದಲ್ಲಿ ಕಡಿತದ ನಿಯಮಗಳು ಅದರ 393ನೇ ಕಲಮಿನ ಕೋಷ್ಟಕಗಳಿಗೆ ಬಂದಿವೆ. ನಿವಾಸಿಗೆ ಒಂದು ಕೋಷ್ಟಕ, ಅನಿವಾಸಿಗೆ ಇನ್ನೊಂದು ಎಂಬ ವಿಂಗಡಣೆ ಅಲ್ಲಿಯೂ ಉಳಿದಿದೆ. 2024ರ ಸೆಪ್ಟೆಂಬರಿನ ಮಾರಾಟದಂಥ ಹಳೆಯ ವರ್ಷಗಳ ಕಡತಗಳು ಮಾತ್ರ 1961ರ ಕಾಯ್ದೆಯ ಕಲಮುಗಳಡಿಯಲ್ಲೇ ನಡೆಯುತ್ತವೆ.